ಅಂಗಡಿ ಶೆಟ್ರಿಗೆ ಇನ್ಕಮ್ ಟ್ಯಾಕ್ಸ್ ನೋಟಿಸ್ ಬಂದಿದೆ: ನಾನು ಮಾಡಿದ ಕನ್ನಡ ಸರಿ ಇದೆಯಾ ನೋಡಿ

ಜೆರಾಕ್ಸ್_ತೀರ್ಥಹಳ್ಳಿ · 8 ಫೆಬ್ರವರಿ 2026, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವುದು, ಆನ್‌ಲೈನ್ ಅರ್ಜಿ ಹಾಕುವುದು ಎಲ್ಲ ಮಾಡುತ್ತೇನೆ. ನಿನ್ನೆ ಪಕ್ಕದ ದಿನಸಿ ಅಂಗಡಿ ಶೆಟ್ರು ಮೊಬೈಲ್ ಹಿಡಿದುಕೊಂಡು ಬಂದರು. ಮುಖದಲ್ಲಿ ರಕ್ತ ಇರಲಿಲ್ಲ. ನಾಲ್ಕು ಪುಟದ ಇಂಗ್ಲಿಷ್ ನೋಟಿಸ್. ಫೆಬ್ರವರಿ 2ಕ್ಕೇ ಇಮೇಲ್ ಬಂದಿದೆ, ಆದರೆ ಅದು ಹೋಗಿದ್ದು ಹಿಂದೆ ಪಾನ್ ಕಾರ್ಡ್ ಮಾಡಿಸಿಕೊಟ್ಟ ಏಜೆಂಟನ ಇಮೇಲಿಗೆ. ಅವನು ಐದು ದಿನ ಬಿಟ್ಟು ವಾಟ್ಸಾಪ್ ಮಾಡಿದ್ದಾನೆ.

"ಇದನ್ನ ಕನ್ನಡದಲ್ಲಿ ಬರ್ಕೊಡು ಮಾರಾಯ, ನನಗೆ ಏನು ಅಂತ ಗೊತ್ತಾಗ್ಬೇಕು" ಅಂದರು. ಬರೆದುಕೊಟ್ಟೆ. ಮುಖ್ಯ ಭಾಗ ಹೀಗಿದೆ:

> ನಿಮ್ಮ 2022-23ನೇ ಸಾಲಿನ ತೆರಿಗೆಗೆ ಒಳಪಡುವ ಆದಾಯವು ತಪ್ಪಿಸಿಕೊಂಡಿದೆ ಎಂದು ಮಾಹಿತಿ ಇದೆ. ನಿಮ್ಮ ಉಳಿತಾಯ ಖಾತೆಗೆ ರೂ. 13,40,000 ನಗದು ಜಮೆಯಾಗಿದೆ. ನೀವು ರಿಟರ್ನ್ ಸಲ್ಲಿಸಿರುವುದಿಲ್ಲ. ಕಲಂ 148ರಡಿ ನೋಟಿಸ್ ಏಕೆ ನೀಡಬಾರದು ಎಂಬುದಕ್ಕೆ ಕಾರಣ ತೋರಿಸಿ. 16-02-2026ರ ಒಳಗೆ ಉತ್ತರಿಸತಕ್ಕದ್ದು. ತಪ್ಪಿದಲ್ಲಿ ಇದು ಯೋಗ್ಯ ಪ್ರಕರಣವೆಂದು ಆದೇಶ ಹೊರಡಿಸಲಾಗುವುದು.

ಓದಿದ ಮೇಲೆ ಶೆಟ್ರು ಮೂರು ಪ್ರಶ್ನೆ ಕೇಳಿದರು. "ತಪ್ಪಿಸಿಕೊಂಡಿದೆ ಅಂದ್ರೆ ನಾನು ಓಡಿಹೋಗಿದ್ದೀನಿ ಅಂತಾನಾ?" "ನೋಟಿಸ್ ಏಕೆ ನೀಡಬಾರದು ಅಂತ ಕೇಳ್ತಿದ್ದಾರೆ, ಹಾಗಾದ್ರೆ ಇದು ನೋಟಿಸ್ ಅಲ್ವಾ?" ಕೊನೆಗೆ, "ಯೋಗ್ಯ ಪ್ರಕರಣ ಅಂದ್ರೆ ಒಳ್ಳೇದೇ ತಾನೆ?"

ಮೂರಕ್ಕೂ ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ತಿಳಿದವರು ತಿದ್ದಿ. ದಂಡ ಎಷ್ಟು ಬೀಳಬಹುದು ಅಂತಲೂ ಹೇಳಿ. ಯಾರೋ ದಿನಕ್ಕೆ ಹತ್ತು ಸಾವಿರ ಅಂತ ಹೆದರಿಸಿದ್ದಾರೆ.

ಗಾಂಧಿಬಜಾರ್_ಹುಡುಗ · 8 ಫೆಬ್ರವರಿ, ರಾತ್ರಿ 9:58

ಅಯ್ಯೋ ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಕಳೆದ ಜುಲೈನಲ್ಲಿ ಯುಪಿಐ ನೋಡಿಕೊಂಡು ಅಂಗಡಿಯವರಿಗೆಲ್ಲ ನೋಟಿಸ್ ಕಳಿಸಿದ್ರಲ್ಲ, ಅದೇ ಇದು. ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿಗಳೇ ಹೇಳಿದ್ರು. ಹರಿದು ಬಿಸಾಕಿ.

ದುರ್ಗಿಗುಡಿ_ಗುಮಾಸ್ತ · 8 ಫೆಬ್ರವರಿ, ರಾತ್ರಿ 10:20

ದಯವಿಟ್ಟು ಹರಿದು ಬಿಸಾಕಬೇಡಿ. ಅದು ಬೇರೆ, ಇದು ಬೇರೆ. ಜುಲೈನಲ್ಲಿ ಬಂದಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಿಂದ, ಜಿಎಸ್‌ಟಿ ವಿಷಯಕ್ಕೆ. ಇದು ಕೇಂದ್ರದ ಆದಾಯ ತೆರಿಗೆ. ಅಲ್ಲಿ ಯಾರು ಏನು ಹೇಳಿದರೂ ಇಲ್ಲಿಗೆ ಅನ್ವಯ ಆಗುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಸಿಎ ಅಲ್ಲ, ಗುಮಾಸ್ತ. ಆದರೆ ಇಂಥ ಕಾಗದ ದಿನಾ ಕೈಯಲ್ಲಿ ಹಾಯುತ್ತದೆ. ನಿಮ್ಮ ನೋಟಿಸಿನ ತಲೆಯ ಮೇಲೆ 148A ಅಂತ ಇರಬೇಕು. ಇದೆಯಾ ನೋಡಿ.

ಜೆರಾಕ್ಸ್_ತೀರ್ಥಹಳ್ಳಿ · 8 ಫೆಬ್ರವರಿ, ರಾತ್ರಿ 10:26

ಹೌದು, ಸೆಕ್ಷನ್ 148A, ಸಬ್ ಸೆಕ್ಷನ್ 1 ಅಂತ ಇದೆ. ಅದನ್ನ ನಾನು ಕನ್ನಡದಲ್ಲಿ ಬಿಟ್ಟುಬಿಟ್ಟಿದ್ದೆ.

ದುರ್ಗಿಗುಡಿ_ಗುಮಾಸ್ತ · 8 ಫೆಬ್ರವರಿ, ರಾತ್ರಿ 10:55

ಬಿಡಬಾರದಿತ್ತು. ಇಡೀ ಕಾಗದದ ಕೀಲಿ ಅಲ್ಲೇ ಇದೆ. 148A ಅಂದರೆ ಬಾಗಿಲು ತಟ್ಟುವುದು. 148 ಅಂದರೆ ಒಳಗೆ ಬರುವುದು. ಹಳೇ ವರ್ಷದ ಲೆಕ್ಕವನ್ನು ಮತ್ತೆ ತೆರೆಯುವುದಕ್ಕೆ ಮೊದಲು "ನಮಗೆ ಇಂಥ ಮಾಹಿತಿ ಬಂದಿದೆ, ನೀವೇನು ಹೇಳುತ್ತೀರಿ" ಅಂತ ಕೇಳಲೇಬೇಕು ಎಂದು ಕಾನೂನು ಹೇಳುತ್ತದೆ. ಆ ಕೇಳುವ ಕಾಗದವೇ ಇದು. ಆದ್ದರಿಂದ ಶೆಟ್ರ ಎರಡನೇ ಪ್ರಶ್ನೆ ತಮಾಷೆಯಲ್ಲ, ಸರಿಯಾಗಿಯೇ ಕೇಳಿದ್ದಾರೆ. ಇದೂ ನೋಟಿಸೇ, ಆದರೆ ಇದರಲ್ಲಿ ತೆರಿಗೆಯೂ ಇಲ್ಲ, ದಂಡವೂ ಇಲ್ಲ. ದೊಡ್ಡ ನೋಟಿಸ್ ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದಕ್ಕೆ ಮೊದಲಿನ ಪ್ರಶ್ನೆ.

ಹಾಗಾಗಿ ನಿಮ್ಮ ಕನ್ನಡವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ:

"ನಿಮ್ಮ ಕೆಲವು ಆದಾಯ ತೆರಿಗೆ ಲೆಕ್ಕಕ್ಕೆ ಸೇರದೆ ಉಳಿದಿರಬಹುದು ಎಂದು ನಮಗೆ ಬಂದ ಮಾಹಿತಿಯಿಂದ ಕಾಣುತ್ತದೆ."

"ತಪ್ಪಿಸಿಕೊಂಡಿದೆ" ಅಂದಕೂಡಲೇ ಓದುವವನಿಗೆ ತಾನೇ ಕಳ್ಳ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ತಪ್ಪಿಹೋಗಿರುವುದು ಆದಾಯ, ಮನುಷ್ಯ ಅಲ್ಲ. ಜೊತೆಗೆ ಅದರ ಮುಂದೆ "ಸೂಚಿಸುತ್ತದೆ" ಅನ್ನುವ ಮಾತಿದೆ. ನೀವು ಅದನ್ನು "ಮಾಹಿತಿ ಇದೆ" ಮಾಡಿದ್ದೀರಿ. ಅನುಮಾನವನ್ನು ತೀರ್ಪು ಮಾಡಿಬಿಟ್ಟಂತಾಯಿತು.

"ಯೋಗ್ಯ ಪ್ರಕರಣ" ಓದಿ ನಗು ಬಂತು. ಅಲ್ಲಿ ಹೇಳಿರುವುದು "148ರ ನೋಟಿಸ್ ಕೊಡಲು ತಕ್ಕ ಪ್ರಕರಣ" ಅಂತ. ಶೆಟ್ರಿಗೆ ಅದು ಒಳ್ಳೆಯದಲ್ಲ.

ಕನ್ನಡ_ಮೇಷ್ಟ್ರು · 9 ಫೆಬ್ರವರಿ, ಬೆಳಿಗ್ಗೆ 6:15

ಗುಮಾಸ್ತರ ವಾಕ್ಯ ಚೆನ್ನಾಗಿದೆ. ಆದರೆ "ತೆರಿಗೆ ಲೆಕ್ಕಕ್ಕೆ ಸೇರದೆ" ಎನ್ನುವುದಕ್ಕಿಂತ "ಕರನಿರ್ಧಾರಣೆಗೆ ಒಳಪಡದೆ" ಎಂದರೆ ಕಾನೂನಿನ ಅರ್ಥ ಉಳಿಯುತ್ತದೆ. ಪಾರಿಭಾಷಿಕ ಪದಗಳನ್ನು ಸಡಿಲ ಬಿಡಬಾರದು.

ಕಾಫಿಪುಡಿ · 9 ಫೆಬ್ರವರಿ, ಬೆಳಿಗ್ಗೆ 7:02

ಮೇಷ್ಟ್ರೇ, ಕರನಿರ್ಧಾರಣೆ ಅಂದ್ರೆ ಅವರಿಗೆ ಇನ್ನೊಂದು ಅನುವಾದ ಬೇಕಾಗುತ್ತೆ 😄

ಕನ್ನಡ_ಮೇಷ್ಟ್ರು · 9 ಫೆಬ್ರವರಿ, ಬೆಳಿಗ್ಗೆ 7:30

ಇರಲಿ, ಒಪ್ಪಿದೆ. ಅಂಗಡಿಯವರ ಕೈಗೆ ಕೊಡುವ ಹಾಳೆಯಲ್ಲಿ ಬೇಡ. ಆದರೆ ಒಂದು ವಿಷಯ ಕೇಳುತ್ತೇನೆ. "2022-23ನೇ ಸಾಲು" ಎಂದಿದ್ದೀರಿ. ಮೂಲದಲ್ಲಿ ಏನಿದೆ?

ಜೆರಾಕ್ಸ್_ತೀರ್ಥಹಳ್ಳಿ · 9 ಫೆಬ್ರವರಿ, ಬೆಳಿಗ್ಗೆ 9:10

ಅಸೆಸ್‌ಮೆಂಟ್ ಇಯರ್ 2022-23 ಅಂತ ಇದೆ. ಶೆಟ್ರು ರಾತ್ರಿಯೇ ಪಾಸ್‌ಬುಕ್ ಹುಡುಕಿ 2022ರ ಏಪ್ರಿಲ್‌ನಿಂದ ಕೂಡಿಸಿದ್ದಾರೆ. ಅವರ ಲೆಕ್ಕದಲ್ಲಿ ಒಂಬತ್ತು ಲಕ್ಷದ ಮೇಲೆ ಹೋಗ್ತಿಲ್ಲ. "ನೋಟಿಸೇ ಸುಳ್ಳು, ನಾನು ಇಷ್ಟು ಕಟ್ಟೇ ಇಲ್ಲ ಅಂತ ಬರಿ" ಅಂತ ಕೂತಿದ್ದಾರೆ.

ದುರ್ಗಿಗುಡಿ_ಗುಮಾಸ್ತ · 9 ಫೆಬ್ರವರಿ, ಬೆಳಿಗ್ಗೆ 9:25

ಮೇಷ್ಟ್ರಿಗೆ ಒಂದು ದೊಡ್ಡ ನಮಸ್ಕಾರ. ಇಲ್ಲೇ ಎಲ್ಲರೂ ಎಡವುವುದು.

ಅಸೆಸ್‌ಮೆಂಟ್ ವರ್ಷ ಅಂದರೆ ಲೆಕ್ಕ ನೋಡುವ ವರ್ಷ. ದುಡ್ಡು ಓಡಾಡಿದ್ದು ಅದರ ಹಿಂದಿನ ವರ್ಷ. ಅಸೆಸ್‌ಮೆಂಟ್ ವರ್ಷ 2022-23 ಅಂದರೆ 2021ರ ಏಪ್ರಿಲ್ 1ರಿಂದ 2022ರ ಮಾರ್ಚ್ 31ರವರೆಗಿನ ವ್ಯವಹಾರ. "ಸಾಲು" ಅಂತ ಬರೆದರೆ ನಮ್ಮ ಜನ ಆ ವರ್ಷದ್ದೇ ಅಂದುಕೊಳ್ಳುತ್ತಾರೆ. ಕನ್ನಡ ಹಾಳೆಯಲ್ಲಿ ತಾರೀಖು ಹಾಕಿಯೇ ಬರೆಯಿರಿ. ಬೇರೆ ವರ್ಷದ ಪಾಸ್‌ಬುಕ್ ಇಟ್ಟುಕೊಂಡು "ಇಷ್ಟು ಕಟ್ಟೇ ಇಲ್ಲ" ಅಂತ ಉತ್ತರ ಕೊಟ್ಟರೆ ಮುಗಿಯಿತು. ಮುಂದೆ ನಿಜ ಹೇಳಿದರೂ ನಂಬುವುದಿಲ್ಲ.

ಮಳೆಗಾಲ · 9 ಫೆಬ್ರವರಿ, ಬೆಳಿಗ್ಗೆ 10:05

2021ರ ಏಪ್ರಿಲ್ ಅಂದ್ರೆ ಎರಡನೇ ಲಾಕ್‌ಡೌನ್ ಅಲ್ವಾ. ಬೆಳಿಗ್ಗೆ 6ರಿಂದ 10ರವರೆಗೆ ದಿನಸಿ ಅಂಗಡಿ ಮಾತ್ರ. ಜನ ಮೂಟೆಗಟ್ಟಲೆ ಒಯ್ದರು. ಆ ವರ್ಷ ದಿನಸಿ ಅಂಗಡಿಗಳಿಗೆ ಒಳ್ಳೆ ವ್ಯಾಪಾರ ಆಗಿತ್ತು. ಸಣ್ಣ ಅಂಗಡಿಗೂ ಕ್ಯಾಶ್ ಜಾಸ್ತಿ ಬಂತು.

ಜೆರಾಕ್ಸ್_ತೀರ್ಥಹಳ್ಳಿ · 9 ಫೆಬ್ರವರಿ, ಸಂಜೆ 6:50

ಮಳೆಗಾಲ ಅವರು ಹೇಳಿದ್ದು ಸರಿ. 2021-22ರ ಸ್ಟೇಟ್‌ಮೆಂಟ್ ಬ್ಯಾಂಕಿನಿಂದ ತಂದೆವು. ಕ್ಯಾಶ್ ಜಮೆ ಕೂಡಿಸಿದರೆ ಪೈಸೆ ಬಿಡದೆ 13,40,000. ಶೆಟ್ರು ಸುಮ್ನೆ ಕೂತುಬಿಟ್ಟರು.

ಈಗ ಅವರ ಭಯ ದಂಡದ್ದು. ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ "ನಿಂದು 78 ಪರ್ಸೆಂಟ್ ಹೋಯ್ತು" ಅಂದನಂತೆ. ನಿಜವಾ?

ಲೆಕ್ಕ_ಪಕ್ಕಾ · 9 ಫೆಬ್ರವರಿ, ರಾತ್ರಿ 7:15

78 ನಿಜ. 69A ಪ್ರಕಾರ ವಿವರಣೆ ಇಲ್ಲದ ಹಣ ಅಂತ ತೀರ್ಮಾನ ಆದ್ರೆ 60% ತೆರಿಗೆ, ಆ ತೆರಿಗೆಯ ಮೇಲೆ 25% ಸರ್‌ಚಾರ್ಜ್, ಮತ್ತೆ ಎರಡೂ ಸೇರಿದ್ದರ ಮೇಲೆ 4% ಸೆಸ್. ಕೂಡಿಸಿದರೆ 78. 13,40,000ಕ್ಕೆ 10,45,200 ರೂಪಾಯಿ. ಮೇಲೆ ದಂಡ ಬೇರೆ. ಜೊತೆಗೆ ನೋಟಿಸಿಗೆ ಉತ್ತರ ಕೊಡದಿದ್ರೆ ದಿನಕ್ಕೆ 10,000 ಪೆನಾಲ್ಟಿ. ನಾನು ಸೆಕ್ಷನ್ ನಂಬರ್ ಸಮೇತ ಹೇಳ್ತೀನಿ, 272A.

ದುರ್ಗಿಗುಡಿ_ಗುಮಾಸ್ತ · 9 ಫೆಬ್ರವರಿ, ರಾತ್ರಿ 8:40

ಮೊದಲರ್ಧ ಸರಿ. ಎರಡನೇ ಅರ್ಧ ತಪ್ಪು.

272Aಯ ಹತ್ತು ಸಾವಿರ ದಿನಕ್ಕಲ್ಲ, ಒಂದೊಂದು ತಪ್ಪಿಗೆ. ಅದೂ 142(1), 143(2) ಥರದ ನೋಟಿಸಿಗೆ ಉತ್ತರ ಕೊಡದಿದ್ದರೆ. 148Aಗೆ ಉತ್ತರ ಕೊಡದಿದ್ದರೆ ಆ ಹತ್ತು ಸಾವಿರ ಇಲ್ಲ. ಆದರೆ ಬೀಳುವ ಪೆಟ್ಟು ಅದಕ್ಕಿಂತ ದೊಡ್ಡದು. ಉತ್ತರ ಇಲ್ಲ ಅಂದರೆ ಕೈಯಲ್ಲಿರುವ ಮಾಹಿತಿ ಇಟ್ಟುಕೊಂಡೇ ಆದೇಶ ಮಾಡುತ್ತಾರೆ. ಆಮೇಲೆ 148 ಬರುತ್ತದೆ, ರಿಟರ್ನ್ ಹಾಕಿ ಅನ್ನುತ್ತಾರೆ. ಅದಕ್ಕೂ ಸುಮ್ಮನಿದ್ದರೆ 144ರಲ್ಲಿ ತಮಗೆ ತೋಚಿದಂತೆ ಲೆಕ್ಕ ಹಾಕುತ್ತಾರೆ. ಆಗ ಬರುವುದು ನಿಮ್ಮ 78%. ಅದರ ಜೊತೆ 271AAC ಅಂತ ಒಂದು ದಂಡ, ಆ 60% ತೆರಿಗೆಯ ಹತ್ತನೇ ಒಂದು ಭಾಗ. ಈ ಲೆಕ್ಕದಲ್ಲಿ 80,400. ಬಡ್ಡಿ ಬೇರೆ.

ಅಂದರೆ 78% ಎನ್ನುವುದು ದಾರಿಯ ಕೊನೆಯಲ್ಲಿರುವ ಗುಂಡಿ. ಶೆಟ್ರು ಈಗ ನಿಂತಿರುವುದು ದಾರಿಯ ಶುರುವಿನಲ್ಲಿ. ಕನ್ನಡ ಹಾಳೆಯಲ್ಲಿ ಇದನ್ನು ಎರಡು ಭಾಗ ಮಾಡಿ ಬರೆಯಿರಿ: ಈ ಕಾಗದದಲ್ಲಿ ಏನಿದೆ, ಸುಮ್ಮನಿದ್ದರೆ ಮುಂದೆ ಏನಾಗಬಹುದು. ಎರಡನ್ನೂ ಒಟ್ಟಿಗೆ ಬರೆದರೆ ಜನ ಕೊನೆಯದನ್ನು ಮಾತ್ರ ಓದುತ್ತಾರೆ.

ಲೆಕ್ಕ_ಪಕ್ಕಾ · 9 ಫೆಬ್ರವರಿ, ರಾತ್ರಿ 8:52

ದಿನಕ್ಕೆ ಅಂತ ನಾನು ಎಲ್ಲೋ ಓದಿದ್ದೆ.

ದುರ್ಗಿಗುಡಿ_ಗುಮಾಸ್ತ · 9 ಫೆಬ್ರವರಿ, ರಾತ್ರಿ 8:58

ಅದೇ ಸೆಕ್ಷನ್ನಿನ ಎರಡನೇ ಭಾಗದಲ್ಲಿ ದಿನಕ್ಕೆ 500 ಅಂತ ಇದೆ, ಬೇರೆ ತಪ್ಪುಗಳಿಗೆ. ಎರಡೂ ಕಲಸಿಹೋಗಿರಬೇಕು.

ಅಡಿಕೆ_ಗೊನೆ · 9 ಫೆಬ್ರವರಿ, ರಾತ್ರಿ 9:30

ಇಷ್ಟೆಲ್ಲ ಯಾಕೆ? ತೋಟ ಇದೆಯಾ ಶೆಟ್ರಿಗೆ? ಇದ್ದರೆ ಎಲ್ಲಾ ಅಡಿಕೆ ದುಡ್ಡು ಅಂತ ಬರೆದು ಪಹಣಿ ಲಗತ್ತಿಸಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ನಮ್ಮ ಕಡೆ ಎಲ್ಲರೂ ಮಾಡೋದು ಅದೇ.

ಜೆರಾಕ್ಸ್_ತೀರ್ಥಹಳ್ಳಿ · 9 ಫೆಬ್ರವರಿ, ರಾತ್ರಿ 9:41

ಒಂದು ಎಕರೆ ಇದೆ. ಆ ವರ್ಷ ಮಂಡಿಗೆ ಹಾಕಿದ್ದು 1,85,000 ರೂಪಾಯಿಯ ಮಾಲು. ಪಟ್ಟಿ ಇಟ್ಟುಕೊಂಡಿದ್ದಾರೆ.

ಸಾಗರದ_ಸೊಸೆ · 9 ಫೆಬ್ರವರಿ, ರಾತ್ರಿ 10:12

ಅಡಿಕೆ ಗೊನೆ ಅಣ್ಣ, ಆ ಬುದ್ಧಿ ಹೇಳಬೇಡಿ. ನಮ್ಮ ಮಾವ ಅದೇ ಮಾಡಿ ಸಿಕ್ಕಿಹಾಕಿಕೊಂಡಿದ್ದರು. ಇಪ್ಪತ್ತು ಗುಂಟೆ ತೋಟ ತೋರಿಸಿ ಒಂಬತ್ತು ಲಕ್ಷ ಅಡಿಕೆ ಅಂತ ಬರೆಸಿದ್ದರು. ಪಹಣಿಯಲ್ಲಿ ಬೆಳೆ ಕಾಲಂನಲ್ಲಿ ಭತ್ತ ಇತ್ತು. ಮಂಡಿ ಪಟ್ಟಿ ಎಲ್ಲಿ ಅಂದರೆ ಇಲ್ಲ. ಕೊನೆಗೆ ನಿಜವಾದ ಅಡಿಕೆ ದುಡ್ಡನ್ನೂ ನಂಬಲಿಲ್ಲ. ಎರಡು ವರ್ಷ ಓಡಾಡಿದ್ದಾರೆ.

ಪಟ್ಟಿ ಇದ್ದಷ್ಟೇ ಹೇಳಿ.

ಅಡಿಕೆ_ಗೊನೆ · 9 ಫೆಬ್ರವರಿ, ರಾತ್ರಿ 10:30

ಇಪ್ಪತ್ತು ಗುಂಟೆಗೆ ಒಂಬತ್ತು ಲಕ್ಷ! ಆ ತೋಟದ ಸಸಿ ನನಗೂ ಕೊಡಿಸಿ.

ದುರ್ಗಿಗುಡಿ_ಗುಮಾಸ್ತ · 10 ಫೆಬ್ರವರಿ, ಬೆಳಿಗ್ಗೆ 8:20

ಈಗ ಉತ್ತರದ ವಿಷಯಕ್ಕೆ ಬರೋಣ. ಶೆಟ್ರನ್ನು ಕೂರಿಸಿಕೊಂಡು ಒಂದೊಂದು ಜಮೆ ಯಾವುದು ಅಂತ ಸ್ಟೇಟ್‌ಮೆಂಟ್ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಅಂಗಡಿ ದುಡ್ಡು, ಅಡಿಕೆ, ಕೈಸಾಲ, ಬ್ಯಾಂಕಿನಿಂದ ತೆಗೆದು ಮತ್ತೆ ಕಟ್ಟಿದ್ದು, ಏನೇನಿದೆಯೋ. ಅದಾದ ಮೇಲೆ ಒಟ್ಟು ವ್ಯಾಪಾರ ಎಷ್ಟು ಅಂತ ಕೇಳಿ. ಬ್ಯಾಂಕಿಗೆ ಹೋದದ್ದು ಮಾತ್ರ ವ್ಯಾಪಾರ ಅಲ್ಲ. ಬ್ರೆಡ್ಡಿನವನಿಗೆ, ತರಕಾರಿಯವನಿಗೆ ಗಲ್ಲಾಪೆಟ್ಟಿಗೆಯಿಂದಲೇ ಕೊಟ್ಟಿರುತ್ತಾರೆ. ಅದೂ ಬರಬೇಕು.

ಜೆರಾಕ್ಸ್_ತೀರ್ಥಹಳ್ಳಿ · 11 ಫೆಬ್ರವರಿ, ಮಧ್ಯಾಹ್ನ 3:05

ನಿನ್ನೆ ಅಂಗಡಿ ಬಾಗಿಲು ಹಾಕಿದ ಮೇಲೆ ಹನ್ನೊಂದೂವರೆವರೆಗೆ ಕೂತೆವು. ಶೆಟ್ರ ಹೆಂಡತಿಗೆ ಶೆಟ್ರಿಗಿಂತ ಜಾಸ್ತಿ ನೆನಪು.

ಹೆಚ್ಚೂಕಡಿಮೆ ಪ್ರತಿ ಸೋಮವಾರ ಇಪ್ಪತ್ತು, ಇಪ್ಪತ್ತೆರಡು ಸಾವಿರ ಕಟ್ಟಿದ್ದಾರೆ. ಮಾರನೇ ದಿನವೇ ಶಿವಮೊಗ್ಗದ ಹೋಲ್‌ಸೇಲ್ ಅಂಗಡಿಗೆ ಅಷ್ಟೇ ಹೆಚ್ಚುಕಡಿಮೆ ಹೋಗಿದೆ. ಇದು ಒಟ್ಟು 10,90,000. ಅಡಿಕೆ 1,85,000. ಇನ್ನು 65,000 ಯಾವುದು ಅಂತ ಶೆಟ್ರಿಗೆ ಹೊಳೆಯಲೇ ಇಲ್ಲ. ಅಕ್ಕ ಅಡುಗೆಮನೆಯಿಂದಲೇ ಕೂಗಿದರು, "ಮಗಳ ಹೆರಿಗೆಗೆ ಅಂತ ಎಂಬತ್ತು ಸಾವಿರ ತೆಗೆದಿದ್ರಲ್ಲ, ಸಿಸೇರಿಯನ್ ಆಗ್ಲಿಲ್ಲ, ಉಳಿದಿದ್ದು ವಾಪಸ್ ಕಟ್ಟಿದ್ರಿ." ಸ್ಟೇಟ್‌ಮೆಂಟಿನಲ್ಲಿ ನೋಡಿದರೆ ಹತ್ತು ದಿನ ಮೊದಲು 80,000 ತೆಗೆದದ್ದು ಇದೆ! ಮೂರೂ ಸೇರಿದರೆ 13,40,000.

ಇದಲ್ಲದೆ ಫೋನ್‌ನಲ್ಲಿ ಬಂದ ವ್ಯಾಪಾರ 1,70,000. ಗಲ್ಲಾದಿಂದಲೇ ಕೊಟ್ಟದ್ದು ಸುಮಾರು 3,20,000.

ದುರ್ಗಿಗುಡಿ_ಗುಮಾಸ್ತ · 11 ಫೆಬ್ರವರಿ, ರಾತ್ರಿ 9:15

ಆ ಅಕ್ಕನ ಮಾತಿಗೆ ಬೆಲೆ ಕಟ್ಟಲಾಗದು. ಈಗ ನೋಡಿ.

ಅಂಗಡಿಯ ಒಟ್ಟು ವ್ಯಾಪಾರ 10,90,000, 1,70,000, 3,20,000 ಸೇರಿ 15,80,000. ಎರಡು ಕೋಟಿಯೊಳಗಿನ ವ್ಯಾಪಾರಕ್ಕೆ 44AD ಅಂತ ಒಂದು ದಾರಿ ಇದೆ. ಲೆಕ್ಕಪುಸ್ತಕ ಇಡದಿದ್ದರೂ ನಗದು ವ್ಯಾಪಾರದ 8%, ಬ್ಯಾಂಕ್ ಮೂಲಕ ಬಂದದ್ದರ 6% ಲಾಭ ಅಂತ ತೋರಿಸಬಹುದು. ನಗದು 14,10,000ಕ್ಕೆ 1,12,800. ಫೋನಿನಲ್ಲಿ ಬಂದ 1,70,000ಕ್ಕೆ 10,200. ಒಟ್ಟು ಲಾಭ 1,23,000.

ಆ ವರ್ಷ ತೆರಿಗೆ ಶುರುವಾಗುತ್ತಿದ್ದದ್ದು 2,50,000 ದಾಟಿದ ಮೇಲೆ. ಅಡಿಕೆಗೆ ತೆರಿಗೆ ಇಲ್ಲ. ಬ್ಯಾಂಕಿನಿಂದ ತೆಗೆದು ಮತ್ತೆ ಕಟ್ಟಿದ್ದು ಆದಾಯವೇ ಅಲ್ಲ. ಹಾಗಾಗಿ ತೆರಿಗೆಯೂ ಇಲ್ಲ, ರಿಟರ್ನ್ ಹಾಕಬೇಕಾದ ಕಡ್ಡಾಯವೂ ಇರಲಿಲ್ಲ.

ಒಂದು ಎಚ್ಚರಿಕೆ. 8% ಅನ್ನುವುದು ಕನಿಷ್ಠ. ನಿಜವಾಗಿ ಜಾಸ್ತಿ ಉಳಿದಿದ್ದರೆ ಜಾಸ್ತಿಯೇ ತೋರಿಸಬೇಕು. ದಿನಸಿಯಲ್ಲಿ ಅಕ್ಕಿ, ಸಕ್ಕರೆಗೆ ಉಳಿಯುವುದು ಕಡಿಮೆ, ಬಿಡಿ ಸಾಮಾನಿಗೆ ಜಾಸ್ತಿ. ಶೆಟ್ರನ್ನೇ ಕೇಳಿ.

ಲೆಕ್ಕ_ಪಕ್ಕಾ · 11 ಫೆಬ್ರವರಿ, ರಾತ್ರಿ 9:40

ರೀಚಾರ್ಜ್ ಮಾಡ್ತಾರಾ? ಕಮಿಷನ್ ಇದ್ರೆ 44AD ಬರಲ್ಲ.

ದುರ್ಗಿಗುಡಿ_ಗುಮಾಸ್ತ · 11 ಫೆಬ್ರವರಿ, ರಾತ್ರಿ 9:55

ಈ ಸಲ ನಿಮ್ಮ ಮಾತಲ್ಲಿ ಹುರುಳಿದೆ. ಕಮಿಷನ್ ಆದಾಯ ಇರುವವರಿಗೆ 44AD ಇಲ್ಲ ಅಂತ ಕಾನೂನಿನಲ್ಲಿದೆ. ದಿನಸಿ ಅಂಗಡಿಯಲ್ಲಿ ವರ್ಷಕ್ಕೆ ಐದಾರು ಸಾವಿರ ರೀಚಾರ್ಜ್ ಕಮಿಷನ್ ಬಂದರೆ ಇಡೀ ಅಂಗಡಿಗೇ ಕುತ್ತು ಬರುತ್ತದಾ, ಅಥವಾ ಅದನ್ನು ಬೇರೆ ತೋರಿಸಿದರೆ ಸಾಕಾ ಅನ್ನುವುದರಲ್ಲಿ ನಾನು ಕೇಳಿದ ಇಬ್ಬರು ಸಿಎಗಳು ಎರಡು ಮಾತು ಹೇಳಿದ್ದಾರೆ. ಇಲ್ಲಿ ಇಬ್ಬರೂ ಬಡಿದಾಡುವುದು ಬೇಡ. ಇದ್ದರೆ ಮುಚ್ಚಿಡದೆ ಬೇರೆಯಾಗಿ ತೋರಿಸಿ.

ಜೆರಾಕ್ಸ್_ತೀರ್ಥಹಳ್ಳಿ · 11 ಫೆಬ್ರವರಿ, ರಾತ್ರಿ 10:02

ರೀಚಾರ್ಜ್ ಇಲ್ಲ. ಅದು ನನ್ನ ಅಂಗಡಿಯಲ್ಲಿ 😅

ಹೊಸನಗರ_77 · 12 ಫೆಬ್ರವರಿ, ಬೆಳಿಗ್ಗೆ 10:40

ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರ್ತಿದೆ. ಹಳೇ 148 ಎಲ್ಲಾ ಸತ್ತುಹೋಗುತ್ತೆ. ಒಂದೂವರೆ ತಿಂಗಳು ತಳ್ಳಿ.

ದುರ್ಗಿಗುಡಿ_ಗುಮಾಸ್ತ · 12 ಫೆಬ್ರವರಿ, ಮಧ್ಯಾಹ್ನ 1:30

ಸಾಯುವುದಿಲ್ಲ. ಹಳೇ ವರ್ಷಗಳ ಕೇಸು ಹಳೇ ಕಾಯ್ದೆಯಲ್ಲೇ ನಡೆಯುತ್ತದೆ. ಈಗ ಇಷ್ಟೊಂದು ನೋಟಿಸ್ ಬರುತ್ತಿರುವುದೇ ಯಾಕೆ ಅಂದುಕೊಂಡಿರಿ? ಅಸೆಸ್‌ಮೆಂಟ್ ವರ್ಷ 2022-23 ಮುಗಿದು ಮೂರು ವರ್ಷ ಆಗುವುದು 2026ರ ಮಾರ್ಚ್ 31ಕ್ಕೆ. ಐವತ್ತು ಲಕ್ಷಕ್ಕಿಂತ ಕಡಿಮೆ ಮೊತ್ತಕ್ಕೆ 148A ಕೊಡಲು ಅದೇ ಕೊನೆ ದಿನ. ಅದಕ್ಕೇ ಆತುರ.

ಕನ್ನಡ_ಮೇಷ್ಟ್ರು · 12 ಫೆಬ್ರವರಿ, ಮಧ್ಯಾಹ್ನ 2:10

ಹೊಸ ಕಾಯ್ದೆಯಲ್ಲಿ ಎರಡು ವರ್ಷದ ಗೊಂದಲ ತೆಗೆದು "ತೆರಿಗೆ ವರ್ಷ" ಎಂದು ಒಂದೇ ಮಾಡಿದ್ದಾರೆ. ಅನುವಾದಕರ ಪಾಲಿಗೆ ಅಷ್ಟಾದರೂ ಪುಣ್ಯ.

ಸಾಗರದ_ಸೊಸೆ · 12 ಫೆಬ್ರವರಿ, ಮಧ್ಯಾಹ್ನ 3:25

ನೋಟಿಸ್ ಅಸಲಿ ಅಂತ ನೋಡಿಕೊಂಡಿರಾ? ನಮ್ಮ ಬೀದಿಯಲ್ಲಿ ಒಬ್ಬರಿಗೆ ಇಂಥದ್ದೇ ಇಮೇಲ್ ಬಂದು, ಲಿಂಕ್ ಒತ್ತಿ ದುಡ್ಡು ಕಳಕೊಂಡರು.

ಜೆರಾಕ್ಸ್_ತೀರ್ಥಹಳ್ಳಿ · 12 ಫೆಬ್ರವರಿ, ಮಧ್ಯಾಹ್ನ 3:50

ನೋಡಿದೆ. ಇಮೇಲಿನ ಲಿಂಕ್ ಮುಟ್ಟಲಿಲ್ಲ. `incometax.gov.in` ಅಂತ ನಾನೇ ಟೈಪ್ ಮಾಡಿ ಹೋದೆ. ಅಲ್ಲಿ `Authenticate notice/order issued by ITD` ಅಂತ ಇದೆ. ನೋಟಿಸಿನ ಮೇಲಿರುವ ಉದ್ದದ ಡಿಐಎನ್ ನಂಬರ್ ಹಾಕಿದರೆ ಅಸಲಿ ಅಂತ ತೋರಿಸಿತು.

ಬ್ಯಾಂಕ್_ರಿಟೈರ್ಡ್ · 12 ಫೆಬ್ರವರಿ, ಸಂಜೆ 5:00

ಖಾತೆ ಜಂಟಿಯೇ? ಉಳಿತಾಯ ಖಾತೆಗೆ ವರ್ಷದಲ್ಲಿ ಹತ್ತು ಲಕ್ಷ ಅಥವಾ ಮೇಲೆ ನಗದು ಬಿದ್ದರೆ ಬ್ಯಾಂಕಿನವರು ವರದಿ ಮಾಡಲೇಬೇಕು. ಜಂಟಿ ಖಾತೆ ಆದರೆ ಇಡೀ ಮೊತ್ತವನ್ನು ಇಬ್ಬರ ಹೆಸರಿಗೂ ತೋರಿಸುತ್ತೇವೆ, ಅರ್ಧ ಅರ್ಧ ಅಲ್ಲ. ನಾನು ಸರ್ವಿಸಿನಲ್ಲಿದ್ದಾಗ ಮಗನ ಜೊತೆ ಹೆಸರು ಸೇರಿಸಿದ್ದ ಒಬ್ಬ ಅಜ್ಜಿಗೆ ನೋಟಿಸ್ ಹೋಗಿತ್ತು. ಆಕೆ ಬ್ಯಾಂಕಿನ ಮೆಟ್ಟಿಲು ಹತ್ತಿದ್ದೇ ಒಂದು ಸಲ.

ಜೆರಾಕ್ಸ್_ತೀರ್ಥಹಳ್ಳಿ · 12 ಫೆಬ್ರವರಿ, ಸಂಜೆ 5:12

ಜಂಟಿ! ಅಕ್ಕನ ಹೆಸರೂ ಇದೆ. ಅವರಿಗೂ ಬರುತ್ತಾ?

ಬ್ಯಾಂಕ್_ರಿಟೈರ್ಡ್ · 12 ಫೆಬ್ರವರಿ, ಸಂಜೆ 5:20

ಬರಬಹುದು. ಅವರ ಪಾನ್‌ನಲ್ಲೂ ಲಾಗಿನ್ ಆಗಿ ನೋಡಿ. ಅವರ ಇಮೇಲೂ ಅದೇ ಏಜೆಂಟನದ್ದಾದರೆ ಮೊದಲು ಅದನ್ನು ಬದಲಾಯಿಸಿ.

ಮಳೆಗಾಲ · 12 ಫೆಬ್ರವರಿ, ಸಂಜೆ 6:05

ಏಜೆಂಟನ ಇಮೇಲಿಗೆ ಹೋದ್ರೆ ನೋಟಿಸ್ ತಲುಪಿತು ಅಂತ ಹೇಗಾಗುತ್ತೆ? 7ನೇ ತಾರೀಖು ಗೊತ್ತಾಗಿದ್ದು. ಅಲ್ಲಿಂದ ದಿನ ಎಣಿಸಬೇಕಲ್ವಾ?

ದುರ್ಗಿಗುಡಿ_ಗುಮಾಸ್ತ · 12 ಫೆಬ್ರವರಿ, ರಾತ್ರಿ 8:30

ಪಾನ್‌ನಲ್ಲಿ ಕೊಟ್ಟ ಇಮೇಲಿಗೆ ಹೋದರೆ ತಲುಪಿದಂತೆಯೇ ಅಂತ ಇಲಾಖೆ ಹೇಳುತ್ತದೆ. ಪೋರ್ಟಲಿನಲ್ಲಿ ಮಾತ್ರ ಹಾಕಿ ಬಿಟ್ಟರೆ ಸಾಕಾ ಅನ್ನುವ ವಾದ ಹೈಕೋರ್ಟುಗಳವರೆಗೂ ಹೋಗಿದೆ. ಆ ವಾದ ವಕೀಲರಿಗೆ ಇರಲಿ. ತಾರೀಖು ನೋಟಿಸಿನಲ್ಲೇ 16 ಅಂತ ಬರೆದಿದ್ದಾರೆ, ಎಣಿಸುವ ಮಾತೇ ಇಲ್ಲ. 16ನೇ ತಾರೀಖೂ ಸೇರುತ್ತದೆ, ಆದರೆ ಅಲ್ಲಿವರೆಗೆ ಕಾಯಬೇಡಿ. ಕೊನೆ ದಿನ ಓಟಿಪಿ ಬರದೆ ಕೂತವರನ್ನು ಕಂಡಿದ್ದೇನೆ. ದಾಖಲೆ ಕೂಡದಿದ್ದರೆ `e-Proceedings` ಒಳಗೇ ದಿನ ಮುಂದೂಡಲು ಕೇಳಬಹುದು. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು.

ಉತ್ತರ ಇಂಗ್ಲಿಷಿನಲ್ಲೇ ಇರಲಿ. ಓದುವವರು ಕನ್ನಡದವರೇ ಆಗಿರುತ್ತಾರೆ ಅಂತ ಇಲ್ಲ. ಪಹಣಿ, ಮಂಡಿ ಪಟ್ಟಿ ಕನ್ನಡದಲ್ಲಿರುತ್ತವೆ, ಅವಕ್ಕೆ ಒಂದೊಂದು ಹಾಳೆ ಇಂಗ್ಲಿಷ್ ಅನುವಾದ ಜೋಡಿಸಿ. ಅಂಗಡಿಯ ಲೈಸೆನ್ಸ್, ಹೋಲ್‌ಸೇಲ್ ಬಿಲ್ಲು ಸಿಕ್ಕಷ್ಟು ಹಾಕಿ. 44ADಯಲ್ಲಿ ಪುಸ್ತಕ ಬೇಡ, ಆದರೆ ಆ ವರ್ಷ ಅಂಗಡಿ ಇತ್ತು ಅಂತ ತೋರಿಸಬೇಕು.

ಜೆರಾಕ್ಸ್_ತೀರ್ಥಹಳ್ಳಿ · 13 ಫೆಬ್ರವರಿ, ಬೆಳಿಗ್ಗೆ 11:20

ಮಂಡಿ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡೆ. ರಾಶಿ ಇಷ್ಟು ಕ್ವಿಂಟಾಲ್, ಗೊರಬಲು ಇಷ್ಟು, ಹಮಾಲಿ ಕಳೆದು ಇಷ್ಟು ಅಂತ ಇದೆ. ಗೊರಬಲಿಗೆ ಇಂಗ್ಲಿಷಿನಲ್ಲಿ ಏನನ್ನಲಿ?

ಅಡಿಕೆ_ಗೊನೆ · 13 ಫೆಬ್ರವರಿ, ಬೆಳಿಗ್ಗೆ 11:31

ಗೊರಬಲು ಅಂದ್ರೆ ಗೊರಬಲು.

ಕನ್ನಡ_ಮೇಷ್ಟ್ರು · 13 ಫೆಬ್ರವರಿ, ಬೆಳಿಗ್ಗೆ 11:45

ಮೊದಲ ಬಾರಿಗೆ ಅಡಿಕೆ ಗೊನೆಯವರ ಮಾತು ಒಪ್ಪುತ್ತೇನೆ. ಹೆಸರನ್ನು ಹಾಗೇ ಬರೆದು, ಪಕ್ಕದಲ್ಲಿ ಅಡಿಕೆಯ ಒಂದು ದರ್ಜೆ ಎಂದು ಹಾಕಿ. ಹೆಸರನ್ನು ಅನುವಾದಿಸಿದರೆ ಪಟ್ಟಿಗೂ ನಿಮ್ಮ ಹಾಳೆಗೂ ತಾಳೆಯಾಗುವುದಿಲ್ಲ.

ಜೆರಾಕ್ಸ್_ತೀರ್ಥಹಳ್ಳಿ · 14 ಫೆಬ್ರವರಿ, ರಾತ್ರಿ 10:50

ಹಾಕಿದ್ದಾಯಿತು. ಗುಮಾಸ್ತರು ಹೇಳಿದ ಮೇಲೆ ಶಿವಮೊಗ್ಗದ ಒಬ್ಬ ಸಿಎಗೆ ತೋರಿಸಿ ಎರಡು ಪುಟದ ಉತ್ತರ ಸರಿಮಾಡಿಸಿದೆವು. ಅವರು ಒಂದೇ ಒಂದು ವಾಕ್ಯ ಸೇರಿಸಿದರು: ಈ 13,40,000 ಜಮೆಯ ಮೊತ್ತ, ಆದಾಯ ಅಲ್ಲ. ಅದನ್ನೇ ಮೊದಲ ಸಾಲು ಮಾಡಿ ಅಂದರು. ಲಾಭ ಎಷ್ಟು ಅಂತ ಶೆಟ್ರನ್ನು ಅವರೂ ಕೇಳಿದರು. ಶೆಟ್ರು ಒಂಬತ್ತು, ಹತ್ತು ಪರ್ಸೆಂಟ್ ಇರಬಹುದು ಅಂದರು. 10% ಹಿಡಿದು 1,58,000 ತೋರಿಸಿದೆವು. ಆಗಲೂ ಎರಡೂವರೆ ಲಕ್ಷದ ಒಳಗೇ.

ಪೋರ್ಟಲಿನಲ್ಲಿ ಓಟಿಪಿ ಬರಲು ಇಪ್ಪತ್ತು ನಿಮಿಷ ಆಯಿತು. ಸ್ವೀಕೃತಿ ನಂಬರ್ ಬಂತು, ಪ್ರಿಂಟ್ ತೆಗೆದುಕೊಟ್ಟೆ. ಅಕ್ಕನ ಪಾನ್‌ನಲ್ಲಿ ಸದ್ಯಕ್ಕೆ ಏನೂ ಇಲ್ಲ. ಇಬ್ಬರ ಇಮೇಲೂ ಬದಲಾಯಿಸಿದ್ದೇನೆ.

ಇನ್ನು ಎಷ್ಟು ದಿನ ಕಾಯಬೇಕು?

ದುರ್ಗಿಗುಡಿ_ಗುಮಾಸ್ತ · 15 ಫೆಬ್ರವರಿ, ಬೆಳಿಗ್ಗೆ 7:40

ಉತ್ತರ ಒಪ್ಪಿದರೆ 148A(3)ರಲ್ಲಿ ಮುಂದುವರಿಸುವುದಿಲ್ಲ ಅಂತ ಆದೇಶ ಬರುತ್ತದೆ. ಒಪ್ಪದಿದ್ದರೆ ಆದೇಶದ ಜೊತೆ 148 ಬರುತ್ತದೆ. ಈ ವರ್ಷದ ಕೇಸಿಗೆ 148 ಕೊಡಲು ಜೂನ್ 30ರವರೆಗೆ ಅವಕಾಶ ಇದೆ. ಒಳ್ಳೇ ಉತ್ತರ ಕೊಟ್ಟವರಿಗೂ 148 ಬಂದದ್ದನ್ನು ನೋಡಿದ್ದೇನೆ. ಬಂದರೆ ಇದೇ ಲೆಕ್ಕದಲ್ಲಿ ರಿಟರ್ನ್ ಹಾಕಬೇಕು. ಈಗ ಕೊಟ್ಟ ಅಂಕಿಗೂ ಆಗ ಕೊಡುವ ಅಂಕಿಗೂ ಒಂದು ರೂಪಾಯಿ ವ್ಯತ್ಯಾಸ ಬರಬಾರದು. ಪೆನ್ಸಿಲಿನಲ್ಲಿ ಬರೆದ ಆ ಸ್ಟೇಟ್‌ಮೆಂಟ್ ಎಸೆಯಬೇಡಿ. ವಾರಕ್ಕೊಂದು ಸಲ ಪೋರ್ಟಲ್ ತೆರೆದು ನೋಡಿ.

ಗಾಂಧಿಬಜಾರ್_ಹುಡುಗ · 15 ಫೆಬ್ರವರಿ, ಬೆಳಿಗ್ಗೆ 9:05

ಅಣ್ಣಾ, ನಮ್ಮ ಚಿಕ್ಕಪ್ಪನಿಗೂ ಒಂದು ಬಂದಿದೆ. ಮೇಲೆ 142(1) ಅಂತ ಇದೆ. ಹರಿದು ಬಿಸಾಕಿಲ್ಲ.

ದುರ್ಗಿಗುಡಿ_ಗುಮಾಸ್ತ · 15 ಫೆಬ್ರವರಿ, ಬೆಳಿಗ್ಗೆ 9:11

ಒಳ್ಳೇದಾಯಿತು. ಅದಕ್ಕೆ ಆ ಹತ್ತು ಸಾವಿರ ಇದೆ. ಬೇರೆ ಚರ್ಚೆ ತೆರೆಯಿರಿ, ಕೊನೆ ತಾರೀಖು ಮೊದಲು ಹೇಳಿ.

ಜೆರಾಕ್ಸ್_ತೀರ್ಥಹಳ್ಳಿ · 15 ಫೆಬ್ರವರಿ, ಬೆಳಿಗ್ಗೆ 10:30

ಶೆಟ್ರು ಕನ್ನಡ ಹಾಳೆಯನ್ನು ಲ್ಯಾಮಿನೇಟ್ ಮಾಡಿಕೊಡು ಅಂತ ಬಂದಿದ್ದಾರೆ. ಗಲ್ಲಾಪೆಟ್ಟಿಗೆ ಹಿಂದೆ ಅಂಟಿಸುತ್ತಾರಂತೆ. "ಯೋಗ್ಯ ಪ್ರಕರಣ" ಇದ್ದ ಹಳೇ ಹಾಳೆ ಕೊಟ್ಟುಬಿಡಲಾ ಅಂತ ಕೇಳಿದೆ. ಅಕ್ಕ ಬೈದರು.